ಒಂದು ಕಾರ್ಡು, ಎರಡು ತಾರೀಕು

(ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ವಾಹನ ವಿಭಾಗ ನೋಡಿಕೊಳ್ಳುವ ನಾನು, ಹೊಸದಾಗಿ ಸೇರಿದ ಚಾಲಕರ ಮುಂದೆ ಆಡಿದ ಮಾತುಗಳನ್ನು ಇಲ್ಲಿ ಬರೆದಿದ್ದೇನೆ. ಮಾತಿನ ನಡುವೆ ಬಂದ ಪ್ರಶ್ನೆಗಳಲ್ಲಿ ಮುಖ್ಯವಾದ ಎರಡನ್ನು ಸೇರಿಸಿಕೊಂಡಿದ್ದೇನೆ.)

ಎಲ್ಲರೂ ತಿಂಡಿ ಮುಗಿಸಿ ಬಂದಿದ್ದೀರಿ. ಕುಳಿತುಕೊಳ್ಳಿ. ಹಿರಿಯರು ಮುಂದೆ ಬನ್ನಿ, ಹಿಂದೆ ಫ್ಯಾನಿನ ಸದ್ದಿಗೆ ಮಾತು ಕೇಳಿಸುವುದಿಲ್ಲ.

ಮೊದಲು ಒಂದು ಕೆಲಸ. ನಿಮ್ಮ ನಿಮ್ಮ ಡಿಎಲ್ ಕಾರ್ಡನ್ನು ಜೇಬಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಳ್ಳಿ. ಕಾರ್ಡು ಮನೆಯಲ್ಲಿ ಬಿಟ್ಟು ಬಂದಿದ್ದರೆ ಮೊಬೈಲಿನಲ್ಲಿ ಡಿಜಿಲಾಕರ್ ತೆರೆಯಿರಿ, ಅದೂ ನಡೆಯುತ್ತದೆ. ಈಗ ಹೇಳಿ, ನಿಮ್ಮ ಲೈಸೆನ್ಸ್ ಯಾವಾಗ ಮುಗಿಯುತ್ತದೆ?

ನೋಡಿ, ಕಾರ್ಡು ಕೈಯಲ್ಲಿದ್ದರೂ ನಾಲ್ಕೈದು ಜನ 2030ರ ಆಚೆಯ ತಾರೀಕನ್ನೇ ಹೇಳಿದಿರಿ. ನೀವು ಸುಳ್ಳು ಹೇಳಲಿಲ್ಲ. ಆದರೆ ನಿಮ್ಮನ್ನು ಈ ಕೆಲಸಕ್ಕೆ ತೆಗೆದುಕೊಂಡದ್ದು ಆ ತಾರೀಕನ್ನು ನೋಡಿ ಅಲ್ಲ. ಇನ್ನೊಮ್ಮೆ ಕಾರ್ಡು ನೋಡಿ. ಅದರ ಮೇಲೆ ಅವಧಿ ಎರಡು ಕಡೆ ಇದೆ. ಒಂದರ ಪಕ್ಕದಲ್ಲಿ ಎನ್‌ಟಿ ಎಂದಿದೆ, ಇನ್ನೊಂದರ ಪಕ್ಕದಲ್ಲಿ ಟಿಆರ್ ಎಂದಿದೆ. ಎನ್‌ಟಿ ಎಂದರೆ ಸಾರಿಗೆಯಲ್ಲದ ವಾಹನ: ನಿಮ್ಮ ಸ್ವಂತ ಬೈಕು, ನಿಮ್ಮ ಮನೆಯ ಕಾರು. ಟಿಆರ್ ಎಂದರೆ ಸಾರಿಗೆ ವಾಹನ: ಹಳದಿ ಫಲಕದ ಲಾರಿ, ಬಸ್, ಸರಕು ಗಾಡಿ. ಎನ್‌ಟಿ ಅವಧಿ ಹತ್ತು, ಹದಿನೈದು, ಇಪ್ಪತ್ತು ವರ್ಷ ಉದ್ದಕ್ಕೂ ಇರಬಹುದು. ಟಿಆರ್ ಅವಧಿ ಐದೇ ವರ್ಷ. 2019ಕ್ಕೆ ಮೊದಲು ಅದೂ ಮೂರೇ ವರ್ಷ ಇತ್ತು. ನಿಮಗೆ ಸಂಬಳ ತರುವುದು ಈ ಚಿಕ್ಕ ತಾರೀಕು. ಇವತ್ತು ನಾನು ಹೆಚ್ಚಾಗಿ ಇದರ ಬಗ್ಗೆಯೇ ಮಾತಾಡುತ್ತೇನೆ. ಯಾಕೆಂದರೆ ಈ ಎರಡು ತಾರೀಕುಗಳನ್ನು ಅದಲು ಬದಲು ಮಾಡಿಕೊಂಡವರಲ್ಲಿ ನಾನೂ ಒಬ್ಬ. ಅದರ ಫಲವನ್ನು ಬೇರೆಯವರು ಉಂಡರು.

ನಾನು ಇಲ್ಲಿಗೆ ಬರುವ ಮೊದಲು ಒಂದು ಲಾರಿ ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಹತ್ತು ಲಾರಿಗಳಿದ್ದ ಚಿಕ್ಕ ವ್ಯವಹಾರ. ಡ್ರೈವರುಗಳ ಹೆಸರು, ಡಿಎಲ್ ನಂಬರು, ಮುಗಿಯುವ ದಿನ ಎಲ್ಲವನ್ನೂ ಒಂದು ರಿಜಿಸ್ಟರಿನಲ್ಲಿ ಬರೆದಿಡುವುದು ನನ್ನ ಕೆಲಸ. ಆ ಪುಸ್ತಕದಲ್ಲಿ 'ಮುಗಿಯುವ ದಿನ' ಎಂದು ಒಂದೇ ಅಂಕಣ ಇತ್ತು. ಅಲ್ಲಿ ಕೆಲಸಕ್ಕಿದ್ದ ಒಬ್ಬ ಡ್ರೈವರ್ ಬಹಳ ನಿಧಾನಸ್ಥ, ಹದ್ದು ಮೀರಿ ಓಡಿಸಿದವನಲ್ಲ, ಕುಡಿತ ಗೊತ್ತಿರಲಿಲ್ಲ. ಅವನು 2009ರಲ್ಲಿ ಮೊದಲ ಲೈಸೆನ್ಸ್ ಮಾಡಿಸಿದಾಗ ವಯಸ್ಸು 22. ಆಗಿನ ನಿಯಮದಂತೆ ಎನ್‌ಟಿ ಅವಧಿ ಇಪ್ಪತ್ತು ವರ್ಷ, ಅಂದರೆ 2029. ಲಾರಿ ಓಡಿಸುವ ಟಿಆರ್ ಅವನಿಗೆ ಸಿಕ್ಕಿದ್ದು 2016ರ ಅಕ್ಟೋಬರಿನಲ್ಲಿ, ಮೂರು ವರ್ಷಕ್ಕೆ. ಅದು 2019ರ ಅಕ್ಟೋಬರ್ 9ಕ್ಕೆ ಮುಗಿಯುತ್ತಿತ್ತು. ನಾನು ರಿಜಿಸ್ಟರಿನ ಆ ಒಂದೇ ಅಂಕಣದಲ್ಲಿ ಬರೆದದ್ದು 2029.

ನಾನು ತಪ್ಪು ಬರೆದಿದ್ದರೂ ಅವನಿಗೆ ಸರಿಯಾದ ತಾರೀಕು ನೆನಪಿತ್ತು. ಅವನು ಬಂದು, 'ಸರ್, ದೀಪಾವಳಿ ಕಳೆಯಲಿ, ಮಾಡಿಸಿಕೊಂಡು ಬರುತ್ತೇನೆ, ಮೂವತ್ತು ದಿನ ಟೈಮ್ ಇರುತ್ತದೆ' ಎಂದ. ಹಳೆಯ ಡ್ರೈವರುಗಳೆಲ್ಲರೂ ಹಾಗೆಯೇ ಹೇಳುತ್ತಿದ್ದರು. ಹೇಳುತ್ತಿದ್ದದ್ದು ಒಂದು ಕಾಲಕ್ಕೆ ನಿಜವೂ ಆಗಿತ್ತು. ಮೋಟಾರು ವಾಹನ ಕಾಯ್ದೆಯ 14ನೇ ಸೆಕ್ಷನ್‌ನಲ್ಲಿ, ಅವಧಿ ಮುಗಿದರೂ ಮೂವತ್ತು ದಿನ ಲೈಸೆನ್ಸ್ ಜೀವಂತ ಇರುತ್ತದೆ ಎಂಬ ಮಾತು ಇತ್ತು. ಆದರೆ 2019ರ ತಿದ್ದುಪಡಿ ಆ ಮಾತನ್ನು ತೆಗೆದುಹಾಕಿತು. ಅದು ಜಾರಿಗೆ ಬಂದದ್ದು ಅದೇ ವರ್ಷದ ಸೆಪ್ಟೆಂಬರ್ 1ರಂದು. ಆ ದಿನಗಳಲ್ಲಿ ಪೇಪರು, ಟಿವಿ ಎಲ್ಲವೂ ಹೆಚ್ಚಾದ ದಂಡಗಳ ಸುದ್ದಿಯನ್ನೇ ಹೇಳಿದವು. ಮೂವತ್ತು ದಿನ ಹೋದ ಸಂಗತಿ ನಮ್ಮಂಥವರ ಕಿವಿಗೆ ಬೀಳಲಿಲ್ಲ.

ಅಕ್ಟೋಬರ್ 24. ಹಬ್ಬಕ್ಕೆ ಮೂರು ದಿನ ಇತ್ತು. ಶಿರಾ ಕಡೆಯಿಂದ ಬರುತ್ತಿದ್ದ ಅವನ ಲಾರಿಗೆ, ಹೊಲದ ಮಣ್ಣು ದಾರಿಯಿಂದ ಹೆದ್ದಾರಿಗೆ ಏರಿದ ಒಂದು ಬೈಕು ಅಡ್ಡ ಬಂತು. ಬ್ರೇಕ್ ಹಾಕಿದ. ಲಾರಿಯ ಎಡ ಮೂಲೆ ಬೈಕಿಗೆ ತಗುಲಿತು. ಬೈಕಿನವನ ಬಲಗಾಲು ಮುರಿಯಿತು. ಡ್ರೈವರ್ ಓಡಿಹೋಗಲಿಲ್ಲ. ಆ ಹುಡುಗನನ್ನು ಎತ್ತಿ ಆಟೊದಲ್ಲಿ ಹಾಕಿ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಕರೆತಂದ, ಅಲ್ಲಿಂದ ಠಾಣೆಗೆ ಹೋದ, ನನಗೆ ಫೋನ್ ಮಾಡಿದ. ಆ ದಿನ ಅವನು ಮಾಡಿದ್ದೆಲ್ಲವೂ ಸರಿ. ತಪ್ಪಿದ್ದದ್ದು ಹದಿನೈದು ದಿನಗಳ ಹಿಂದೆ.

ಮುಂದಿನ ತಿಂಗಳು ಅವನು ಆರ್‌ಟಿಒ ಕಚೇರಿಗೆ ಹೋಗಿ ನವೀಕರಣ ಮಾಡಿಸಿಕೊಂಡ. ಹೊಸ ಅವಧಿ ನವೆಂಬರ್ 14ರಿಂದ ಐದು ವರ್ಷ. ಕಾರ್ಡು ಕೈಗೆ ಬಂದಾಗ, 'ಇನ್ನು ತೊಂದರೆ ಇಲ್ಲ' ಎಂದು ನಾವಿಬ್ಬರೂ ಅಂದುಕೊಂಡೆವು. ಪರಿಹಾರದ ಕೇಸು ನ್ಯಾಯಮಂಡಳಿಗೆ ಬಂತು. ಅಲ್ಲಿ ವಿಮಾ ಕಂಪನಿಯವರು ನಮ್ಮ ಕಾರ್ಡನ್ನು ನೋಡಲೇ ಇಲ್ಲ. ಆರ್‌ಟಿಒ ಕಚೇರಿಯಿಂದ ಅವನ ಲೈಸೆನ್ಸಿನ ದಾಖಲೆಯನ್ನೇ ತರಿಸಿದರು. ಅದರಲ್ಲಿ ಎರಡು ಸಾಲು ಇದ್ದವು. 2016ರ ಅಕ್ಟೋಬರ್ 10ರಿಂದ 2019ರ ಅಕ್ಟೋಬರ್ 9ರವರೆಗೆ ಒಂದು. 2019ರ ನವೆಂಬರ್ 14ರಿಂದ ಇನ್ನೊಂದು. ನಡುವೆ ಮೂವತ್ತೈದು ದಿನ ಖಾಲಿ. ಅಪಘಾತ ಆ ಖಾಲಿಯೊಳಗೆ ಬಿದ್ದಿತ್ತು. ಅವಧಿ ಮುಗಿದ ಮೇಲೆ ನವೀಕರಿಸಿದರೆ ಅದು ನವೀಕರಿಸಿದ ದಿನದಿಂದ ಮುಂದಕ್ಕೆ ಮಾತ್ರ ನಡೆಯುತ್ತದೆ. ಹಿಂದಿನ ಖಾಲಿಯನ್ನು ಅದು ತುಂಬುವುದಿಲ್ಲ. ಇದನ್ನು ನಾನು ಆ ಕಟಕಟೆಯ ಪಕ್ಕದಲ್ಲಿ ನಿಂತು ಕಲಿತೆ.

ಇಂಥ ಕಡೆ ನ್ಯಾಯಮಂಡಳಿ ಸಾಮಾನ್ಯವಾಗಿ ಏನು ಮಾಡುತ್ತದೆ ಎಂದರೆ, ಗಾಯಗೊಂಡವನಿಗೆ ಅನ್ಯಾಯ ಆಗಬಾರದೆಂದು ಮೊದಲು ವಿಮಾ ಕಂಪನಿಯೇ ಹಣ ಕಟ್ಟಲಿ, ಆಮೇಲೆ ಅದನ್ನು ವಾಹನದ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎನ್ನುತ್ತದೆ. ನಮ್ಮಲ್ಲೂ ಹಾಗೇ ಆಯಿತು. ಮಾಲೀಕರಿಗೆ ಒಂದು ದಾರಿ ಇತ್ತು. ಚಾಲಕನ ಲೈಸೆನ್ಸ್ ವಿಷಯದಲ್ಲಿ ತಾನು ತಕ್ಕ ಎಚ್ಚರ ವಹಿಸಿದ್ದೆ ಎಂದು ಅವರು ತೋರಿಸಬಹುದಿತ್ತು. 2004ರಲ್ಲಿ ಸುಪ್ರೀಂ ಕೋರ್ಟ್ ಸ್ವರಣ್ ಸಿಂಗ್ ಪ್ರಕರಣದಲ್ಲಿ ಇದನ್ನೇ ಹೇಳಿದೆ. ಮಾಲೀಕನ ಕಡೆಯಿಂದ ನಿರ್ಲಕ್ಷ್ಯ ಇತ್ತೆಂದು ವಿಮಾ ಕಂಪನಿಯೇ ಸಾಬೀತು ಮಾಡಬೇಕು. ಅವರು ಅದಕ್ಕಾಗಿ ನನ್ನ ರಿಜಿಸ್ಟರನ್ನು ಕೇಳಿದರು. ಅದರಲ್ಲಿ ನನ್ನ ಕೈಬರಹದಲ್ಲೇ 2029 ಎಂದಿತ್ತು. ಸಾಬೀತಿಗೆ ಬೇರೇನೂ ಬೇಕಾಗಲಿಲ್ಲ.

ಮಾಲೀಕರು ಒಂದು ಲಾರಿ ಮಾರಿ ಆ ಹಣ ಕಟ್ಟಿದರು. ಡ್ರೈವರಿನ ಮೇಲೆ ಲೈಸೆನ್ಸ್ ಇಲ್ಲದೆ ಓಡಿಸಿದ ಆರೋಪ ಬೇರೆ ಸೇರಿತ್ತು. ಅವನು ಆ ಕೆಲಸ ಬಿಟ್ಟು ಊರಿಗೆ ಹೋದ. ಆ ಹುಡುಗನ ಕಾಲು ಈಗಲೂ ಪೂರ್ತಿ ಮಡಚುವುದಿಲ್ಲ ಎಂದು ಕೇಳಿದ್ದೇನೆ.

ಆದ್ದರಿಂದ ಇಲ್ಲಿ ನನ್ನ ಪುಸ್ತಕದಲ್ಲಿ ಎರಡು ಅಂಕಣ ಇವೆ. ಟಿಆರ್ ಅಂಕಣವನ್ನು ಕೆಂಪು ಶಾಯಿಯಲ್ಲಿ ಬರೆಯುತ್ತೇನೆ. ಕಾರ್ಡು ನೋಡಿ ಬರೆಯುವುದಿಲ್ಲ. ನಿಮ್ಮ ಡಿಎಲ್ ನಂಬರು ಮತ್ತು ಹುಟ್ಟಿದ ತಾರೀಕನ್ನು ಸಾರಿಗೆ ಇಲಾಖೆಯ ಪರಿವಾಹನ್ ಜಾಲತಾಣದಲ್ಲಿ ಹಾಕಿ, ಅಲ್ಲಿ ಬಂದದ್ದನ್ನು ಬರೆಯುತ್ತೇನೆ. ಕಾರ್ಡು ಅಚ್ಚಾದ ದಿನದ ಸತ್ಯ ಹೇಳುತ್ತದೆ, ದಾಖಲೆ ಇವತ್ತಿನದನ್ನು ಹೇಳುತ್ತದೆ. ಲೈಸೆನ್ಸ್ ಅಮಾನತಾಗಿದ್ದರೂ ಕಾರ್ಡು ಜೇಬಿನಲ್ಲಿ ಹೊಳೆಯುತ್ತಲೇ ಇರುತ್ತದೆ. ಟಿಆರ್ ಮುಗಿಯಲು ಮೂರು ತಿಂಗಳು ಇರುವಾಗ ನಾನು ನಿಮ್ಮನ್ನು ಕರೆದು ಹೇಳುತ್ತೇನೆ. ಮುಗಿಯುವ ಒಂದು ವರ್ಷ ಮೊದಲಿನಿಂದಲೇ ನವೀಕರಣಕ್ಕೆ ಅರ್ಜಿ ಹಾಕಲು ಅವಕಾಶ ಇದೆ, ಹಾಗಾಗಿ ಮೂರು ತಿಂಗಳು ಎಂದರೆ ಆತುರವೇನಲ್ಲ. ಆ ಕೆಲಸಕ್ಕೆ ಆರ್‌ಟಿಒ ಕಚೇರಿಗೆ ಹೋಗುವ ದಿನ ನಿಮಗೆ ಸಂಬಳದ ರಜೆ. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಗಾಡಿ ಓಡಿಸಿ ತೋರಿಸುವ ಪರೀಕ್ಷೆಗೇ ಹೋಗಬೇಕಾಗುತ್ತದೆ. ಅಲ್ಲಿಯವರೆಗೆ ಯಾರನ್ನೂ ಬಿಡುವುದಿಲ್ಲ.

ಇಲ್ಲಿ ಮಧುಗಿರಿ ಕಡೆಯ ಒಬ್ಬ ತಮ್ಮ ಕೈ ಎತ್ತಿ ಕೇಳಿದ: 'ಸರ್, ಸುಪ್ರೀಂ ಕೋರ್ಟ್ ಟಿಆರ್ ಬೇಡ ಎಂದಿದೆಯಂತಲ್ಲ?'

ಒಳ್ಳೆಯ ಪ್ರಶ್ನೆ. ಅರ್ಧ ಸರಿ, ಅರ್ಧ ತಪ್ಪು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಒಂದು ತೀರ್ಪು ಕೊಟ್ಟಿತು. ಲಘು ವಾಹನದ, ಅಂದರೆ ಎಲ್‌ಎಂವಿ ಲೈಸೆನ್ಸ್ ಇದ್ದವರು 7,500 ಕಿಲೋ ಒಳಗಿನ ಸರಕು ಗಾಡಿಯನ್ನೂ ಓಡಿಸಬಹುದು, ಅದಕ್ಕೆ ಬೇರೆ ಟಿಆರ್ ಬೇಕಿಲ್ಲ ಎಂಬುದು ಅದರ ತಿರುಳು. ನಮ್ಮಲ್ಲಿರುವ ಟಾಟಾ ಏಸ್, ಬೊಲೆರೊ ಪಿಕಪ್ ಅದರೊಳಗೆ ಬರುತ್ತವೆ. ಆದರೆ ಆ 7,500 ಕಿಲೋ ಎಂದರೆ ಗಾಡಿಯಲ್ಲಿ ತುಂಬುವ ಸರಕಿನ ತೂಕ ಅಲ್ಲ. ಗಾಡಿ, ಸರಕು, ನೀವು, ಡೀಸೆಲ್ ಎಲ್ಲವೂ ಸೇರಿ ನೋಂದಣಿಯಲ್ಲಿ ಒಪ್ಪಿರುವ ಒಟ್ಟು ತೂಕ. ಅದು ಆರ್‌ಸಿಯಲ್ಲಿ ಬರೆದಿರುತ್ತದೆ, ಗಾಡಿಯ ಗಾತ್ರ ನೋಡಿ ಗೊತ್ತಾಗುವುದಿಲ್ಲ. ಶೆಡ್ಡಿನಲ್ಲಿ ಅಕ್ಕಪಕ್ಕ ನಿಂತ ಎರಡು ಗಾಡಿಗಳು ಕಣ್ಣಿಗೆ ಅವಳಿಗಳಂತೆ ಕಾಣಬಹುದು. ಒಂದರ ಆರ್‌ಸಿಯಲ್ಲಿ 7,490 ಎಂದಿರುತ್ತದೆ, ಇನ್ನೊಂದರಲ್ಲಿ ಹತ್ತು ಸಾವಿರದ ಮೇಲೆ. ಮೊದಲನೆಯದಕ್ಕೆ ತೀರ್ಪಿನ ರಕ್ಷಣೆ ಇದೆ, ಎರಡನೆಯದಕ್ಕೆ ಇಲ್ಲ. ಅಪಾಯಕಾರಿ ಸರಕಿನ ಗಾಡಿಗೂ ಇಲ್ಲ. ನಮ್ಮಲ್ಲಿ ತಿಂಗಳಿಗೊಮ್ಮೆ ಥಿನ್ನರ್ ಡಬ್ಬಿಗಳು ಹೋಗುತ್ತವೆ. ಆ ಟ್ರಿಪ್ಪಿಗೆ ಅದರದೇ ಪ್ರತ್ಯೇಕ ಅನುಮತಿ ಪಡೆದವರನ್ನೇ ಕಳಿಸುತ್ತೇನೆ.

ಹಾಗಾದರೆ ಪಿಕಪ್ ಓಡಿಸುವವರಿಗೆ ಟಿಆರ್ ಯಾಕೆ ಕೇಳುತ್ತೀರಿ ಎಂದರೆ, ಕಾನೂನು ಕೇಳುತ್ತದೆ ಎಂದು ನಾನು ಹೇಳುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಲಾರಿಯ ಡ್ರೈವರಿಗೆ ಜ್ವರ ಬಂದರೆ ಪಾಳಿ ನೋಡುವವನು ಪಿಕಪ್ಪಿನವನನ್ನೇ ಎಬ್ಬಿಸುತ್ತಾನೆ. ಆ ಹೊತ್ತಿನಲ್ಲಿ ಯಾರೂ ಆರ್‌ಸಿ ತೆಗೆದು ತೂಕ ನೋಡುವುದಿಲ್ಲ. ಆ ಒಂದು ರಾತ್ರಿಗಾಗಿ ಈ ನಿಯಮ ಇಟ್ಟಿದ್ದೇನೆ. ಜೊತೆಗೆ ಇನ್ನೊಂದು ಮಾತು: ಟಿಆರ್ ಇದ್ದರೂ ನಿಮ್ಮ ಕಾರ್ಡಿನಲ್ಲಿ ಬರೆದ ವರ್ಗದ ಗಾಡಿ ಅಲ್ಲದಿದ್ದರೆ, ಎಬ್ಬಿಸಿದವನು ಯಾರೇ ಆಗಿರಲಿ, 'ಆಗುವುದಿಲ್ಲ' ಎನ್ನಿ. ಅದಕ್ಕಾಗಿ ನಿಮ್ಮ ಮೇಲೆ ಯಾರೂ ಕ್ರಮ ತೆಗೆದುಕೊಳ್ಳುವುದಿಲ್ಲ. ಇದನ್ನು ಬರೆದು ಬೋರ್ಡಿಗೆ ಹಾಕಿಸಿದ್ದೇನೆ, ಕೆಳಗೆ ನನ್ನ ಸಹಿ ಇದೆ.

ಕ್ಲೀನರ್ ಹುಡುಗರ ವಿಷಯವೂ ಇದಕ್ಕೇ ಸೇರಿದ್ದು. ನಾವೆಲ್ಲರೂ ಕ್ಲೀನರ್ ಆಗಿದ್ದಾಗ ಯಾರೋ ಒಬ್ಬ ಅಣ್ಣ 'ಸ್ವಲ್ಪ ರಿವರ್ಸ್ ಹಾಕು' ಎಂದು ಕೀಲಿ ಕೊಟ್ಟಿದ್ದಾನೆ. ಆ ಪ್ರೀತಿಯನ್ನು ನಾನು ಬಲ್ಲೆ. ಆದರೆ ಸಾರಿಗೆ ವಾಹನ ಓಡಿಸಲು ಇಪ್ಪತ್ತು ವರ್ಷ ತುಂಬಿರಬೇಕು, ಲೈಸೆನ್ಸ್ ಇರಬೇಕು. ಲೈಸೆನ್ಸ್ ಇಲ್ಲದವನ ಕೈಗೆ ಗಾಡಿ ಕೊಟ್ಟರೆ ಓಡಿಸಿದವನಿಗಷ್ಟೇ ಅಲ್ಲ, ಗಾಡಿಯ ಹೊಣೆ ಹೊತ್ತವನಿಗೂ ಶಿಕ್ಷೆ ಇದೆ. ಗೇಟಿನೊಳಗೆ ಕೂಡ ಕೊಡಬೇಡಿ. ಹುಡುಗನಿಗೆ ಕಲಿಯುವ ಆಸೆ ಇದ್ದರೆ ನನ್ನ ಹತ್ತಿರ ಕಳಿಸಿ, ಕಲಿಕಾ ಲೈಸೆನ್ಸಿನಿಂದ ಶುರು ಮಾಡಿಸೋಣ.

ಇನ್ನು ನವೀಕರಣದ ಅರ್ಜಿಯ ಜೊತೆಗೆ ಹೋಗುವ ಒಂದು ಹಾಳೆಯ ಬಗ್ಗೆ ಹೇಳಬೇಕು. ಅದು ಫಾರಂ 1ಎ, ವೈದ್ಯರ ಪ್ರಮಾಣಪತ್ರ. ಸಾರಿಗೆ ವಾಹನದವರಿಗೆ ಯಾವ ವಯಸ್ಸಿನಲ್ಲೂ ಇದು ಬೇಕು. ಆ ಹಾಳೆಯನ್ನು ಡಾಕ್ಟರ ಮುಖವನ್ನೇ ನೋಡದೆ ಸಹಿ ಹಾಕಿಸಿಕೊಂಡು ಬರುವ ಅಭ್ಯಾಸ ನಮ್ಮ ಕಸುಬಿನಲ್ಲಿದೆ. ನನಗೆ ಇದರಷ್ಟು ನೋವು ಕೊಡುವ ಸಂಗತಿ ಇನ್ನೊಂದಿಲ್ಲ. ಯಾಕೆಂದರೆ ಐದು ವರ್ಷಕ್ಕೊಮ್ಮೆ ಯಾರಾದರೂ ನಿಮ್ಮ ಕಣ್ಣು ನೋಡುವುದಿದ್ದರೆ ಅದು ಆ ಒಂದು ದಿನ. ಆ ಹಾಳೆಯಲ್ಲಿ ಒಂದು ಸರಳ ಪ್ರಶ್ನೆ ಇದೆ: ಹಗಲು ಬೆಳಕಿನಲ್ಲಿ, ಕನ್ನಡಕ ಹಾಕುವವರಾದರೆ ಹಾಕಿಕೊಂಡು, 25 ಮೀಟರು ದೂರದಿಂದ ಒಂದು ಕಾರಿನ ನಂಬರ್ ಫಲಕ ಓದಬಲ್ಲಿರಾ? ಕೆಂಪು ಹಸಿರು ಬಣ್ಣಗಳ ವ್ಯತ್ಯಾಸ ತಿಳಿಯುತ್ತದೆಯೇ? ರಾತ್ರಿ ಕುರುಡು ಇದೆಯೇ? ಇವನ್ನು ಕೇಳಿದವರು ಯಾರು, ಉತ್ತರ ಕೊಟ್ಟವರು ಯಾರು?

25 ಮೀಟರು ಎಂದರೆ ಎಷ್ಟು ಎಂದು ಒಮ್ಮೆ ಯೋಚಿಸಿ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ನಿಮ್ಮ ಲಾರಿ ಒಂದು ಸೆಕೆಂಡಿಗೆ ಸುಮಾರು 17 ಮೀಟರು ಹೋಗುತ್ತದೆ. ಏನೋ ಕಂಡಿತು ಎಂದು ಮನಸ್ಸಿಗೆ ತಿಳಿದು, ಕಾಲು ಬ್ರೇಕಿನ ಮೇಲೆ ಬೀಳಲು ಒಂದು ಸೆಕೆಂಡು ಬೇಕೇ ಬೇಕು. ಅಷ್ಟರಲ್ಲಿ 17 ಮೀಟರು ಹೋಗಿಬಿಟ್ಟಿತು, ಬ್ರೇಕ್ ಇನ್ನೂ ಹಿಡಿದಿಲ್ಲ. 25 ಮೀಟರಿನಲ್ಲಿ ಫಲಕ ಮಸುಕಾಗಿ ಕಾಣುವವನಿಗೆ ಸಂಜೆ ಏಳಕ್ಕೆ ಕ್ಯಾತ್ಸಂದ್ರದ ಬಳಿ ಲೈಟಿಲ್ಲದೆ ನಿಂತ ಟ್ರಾಕ್ಟರ್ ಟ್ರೇಲರ್ ಎಷ್ಟು ಹತ್ತಿರ ಬಂದ ಮೇಲೆ ಕಾಣುತ್ತದೆ? ಹೋದ ವರ್ಷ ನಮ್ಮ ಶೆಡ್ಡಿನಲ್ಲಿ ಈ ಪರೀಕ್ಷೆ ಮಾಡಿದಾಗ ಇಬ್ಬರಿಗೆ ಫಲಕದ ಕೊನೆಯ ಎರಡು ಅಂಕಿ ಓದಲಾಗಲಿಲ್ಲ. ಒಬ್ಬರು ಇಪ್ಪತ್ತು ವರ್ಷ ಅನುಭವದವರು. ಅವರು ಕೆಲಸ ಹೋಗುತ್ತದೆ ಎಂದು ಹೆದರಿ ಎಲ್ಲರಿಗೂ ಮುಚ್ಚಿಟ್ಟಿದ್ದರು. ಕೆಲಸ ಹೋಗಲಿಲ್ಲ, ಕನ್ನಡಕ ಬಂತು. ಈಗ ರಾತ್ರಿ ಎದುರಿನ ಲೈಟು ಮೊದಲಿನಂತೆ ಒಡೆದು ಹರಡುವುದಿಲ್ಲ ಎನ್ನುತ್ತಾರೆ.

ಕಣ್ಣು ಚೆನ್ನಾಗಿದ್ದರೂ ಮುಚ್ಚಿಕೊಂಡರೆ ಪ್ರಯೋಜನವಿಲ್ಲ. ಮೂರು ಸೆಕೆಂಡು ತೂಕಡಿಸಿದರೆ ಅದೇ ವೇಗದಲ್ಲಿ 50 ಮೀಟರು ಯಾರೂ ಓಡಿಸದ ಲಾರಿ ಓಡುತ್ತದೆ. 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆ ಜಾರಿಗೆ ಬರುವವರೆಗೆ ಇದ್ದ ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯ್ದೆ ದಿನಕ್ಕೆ ಎಂಟು ಗಂಟೆ ಎನ್ನುತ್ತಿತ್ತು, ಐದು ಗಂಟೆ ಕಳೆಯುವುದರೊಳಗೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಕೊಡಲೇಬೇಕು ಎನ್ನುತ್ತಿತ್ತು. ಹುಬ್ಬಳ್ಳಿ ಟ್ರಿಪ್ಪಿಗೆ ನಾನು ತಲುಪುವ ಸಮಯ ಬರೆಯುವಾಗ ಈಗಲೂ ಆ ಅರ್ಧ ಗಂಟೆಯನ್ನು ಒಳಗೇ ಸೇರಿಸುತ್ತೇನೆ. ಹಿರಿಯೂರಿನ ಹತ್ತಿರವೋ ಚಿತ್ರದುರ್ಗದ ಹತ್ತಿರವೋ ನಿಲ್ಲಿಸಿ, ಸೀಟು ಬಿಟ್ಟು ಇಳಿಯಿರಿ. ಕಿಟಕಿ ತೆಗೆದು ಮುಖಕ್ಕೆ ಗಾಳಿ ಹಿಡಿಯುವುದು, ಅಡಿಕೆ ಜಗಿಯುವುದು, ಜೋರಾಗಿ ಹಾಡು ಹಾಕುವುದು ನಿದ್ದೆಯನ್ನು ಮುಂದೂಡಿದಂತೆ ಅನಿಸುತ್ತದೆ, ಹೋಗಲಾಡಿಸುವುದಿಲ್ಲ. ನಿದ್ದೆಗೆ ಮದ್ದು ನಿದ್ದೆಯೇ. ಇಪ್ಪತ್ತು ನಿಮಿಷ ಮಲಗಿ. 'ನಿಲ್ಲಿಸಿ ಮಲಗಿದ್ದೇನೆ' ಎಂದು ಒಂದು ಸಂದೇಶ ಕಳಿಸಿ, ಗಾಡಿ ನಿಂತ ಮೇಲೆ. ಓಡುವಾಗ ನನ್ನ ಫೋನನ್ನೂ ಎತ್ತಬೇಡಿ. ಎತ್ತದಿದ್ದರೆ ನಾನು ಬೈಯುವುದಿಲ್ಲ, ಎತ್ತಿದರೆ ಬೈಯುತ್ತೇನೆ.

ಹಿಂದಿನ ಸಾಲಿನಿಂದ ಒಬ್ಬರು ಹಿರಿಯರು ಕೇಳಿದರು: 'ಅಪಘಾತವಾದರೆ ನಿಲ್ಲಿಸಿ ಎನ್ನುತ್ತೀರಿ. ಜನ ಸೇರಿ ಹೊಡೆದರೆ?'

ಅಣ್ಣ, ಈ ಭಯ ನಿಜವಾದದ್ದು, ಕಾನೂನು ಬರೆದವರಿಗೂ ಇದು ಗೊತ್ತಿತ್ತು. ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಓದಿ. ಗಾಯಗೊಂಡವರಿಗೆ ಚಿಕಿತ್ಸೆ ಸಿಗುವಂತೆ ಚಾಲಕ ಎಲ್ಲ ಪ್ರಯತ್ನ ಮಾಡಬೇಕು, ಹತ್ತಿರದ ವೈದ್ಯರ ಬಳಿಗೆ ಅಥವಾ ಆಸ್ಪತ್ರೆಗೆ ಕರೆದೊಯ್ಯಬೇಕು ಎನ್ನುತ್ತದೆ. ಆದರೆ ಉದ್ರಿಕ್ತ ಜನರಿಂದಾಗಿ ಅದು ಸಾಧ್ಯವಾಗದಿದ್ದರೆ ಎಂದು ಒಂದು ವಿನಾಯಿತಿಯನ್ನೂ ಅಲ್ಲೇ ಬರೆದಿದೆ. ಜೀವಕ್ಕೆ ಅಪಾಯ ಎನಿಸಿದರೆ ಅಲ್ಲಿಂದ ಹೊರಡಿ. ಆದರೆ ಹೊರಟವರು ಮನೆಗೆ ಹೋಗಬೇಡಿ, ಹತ್ತಿರದ ಠಾಣೆಗೆ ಹೋಗಿ. ದಾರಿಯಲ್ಲೇ 108ಕ್ಕೆ ಫೋನ್ ಮಾಡಿಸಿ, ಸ್ಥಳ ಹೇಳಿ. ಠಾಣೆಗೆ ತಿಳಿಸಲು ಕಾಯ್ದೆ ಕೊಟ್ಟಿರುವ ಗರಿಷ್ಠ ಕಾಲ 24 ಗಂಟೆ. ಅಷ್ಟು ಕಾಯುವುದು ಬೇಡ. ಠಾಣೆಗೆ ತಾನೇ ನಡೆದು ಬಂದ ಡ್ರೈವರಿಗೂ, ಮೂರು ದಿನ ಬಿಟ್ಟು ಊರಿನಿಂದ ಹಿಡಿದು ತಂದ ಡ್ರೈವರಿಗೂ ನ್ಯಾಯಾಲಯದಲ್ಲಿ ಇರುವ ವ್ಯತ್ಯಾಸವನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನು ಹೇಳಿದ ಆ ಡ್ರೈವರ್ ನಿಂತಿದ್ದರಿಂದಲೇ ಹುಡುಗನ ಕಾಲು ಉಳಿಯಿತು ಎಂದು ಡಾಕ್ಟರು ಹೇಳಿದರು. ರಕ್ತ ಬಹಳ ಹೋಗಿತ್ತಂತೆ.

ವಿಮಾ ಕಂಪನಿಗೆ ಬರೆದು ತಿಳಿಸುವ ಕೆಲಸ ನನ್ನದು. ಅದಕ್ಕೆ ನಿಮ್ಮಿಂದ ನನಗೆ ಬೇಕಾದದ್ದು ಇಷ್ಟೇ: ದಿನ, ಹೊತ್ತು, ಜಾಗ, ಗಾಯಗೊಂಡವರ ಹೆಸರು ಗೊತ್ತಾದರೆ ಹೆಸರು. ಯಾರ ತಪ್ಪು ಎಂದು ನೀವು ಅಲ್ಲಿ ತೀರ್ಮಾನ ಮಾಡಬೇಡಿ, ಯಾವ ಹಾಳೆಗೂ ಓದದೆ ಸಹಿ ಹಾಕಬೇಡಿ. 'ಬೇರೆ ಡ್ರೈವರ್ ಓಡಿಸುತ್ತಿದ್ದ ಎಂದು ಹೇಳಿಬಿಡೋಣ' ಎಂದು ಯಾರಾದರೂ ಸಲಹೆ ಕೊಟ್ಟರೆ, ಕೊಟ್ಟವನು ನಾನೇ ಆಗಿದ್ದರೂ, ಒಪ್ಪಬೇಡಿ.

ಮಾತು ಇಷ್ಟೇ. ಈಗ ಎಲ್ಲರೂ ಹೊರಗೆ ಬನ್ನಿ. ತೂಕದ ಸೇತುವೆಯ ಪಕ್ಕದಲ್ಲಿ ಪಿಕಪ್ ನಿಲ್ಲಿಸಿದೆ, ಅದರಿಂದ ಟೇಪು ಹಿಡಿದು 25 ಮೀಟರು ಅಳೆದು ಸುಣ್ಣದ ಗೆರೆ ಹಾಕಿಸಿದ್ದೇನೆ. ಫಲಕದ ಮೇಲೆ ಒಂದು ಕಾಗದ ಅಂಟಿಸಿ ಬೇರೆ ನಂಬರು ಬರೆದಿದ್ದೇನೆ, ಗೊತ್ತಿರುವ ನಂಬರನ್ನು ನೆನಪಿನಿಂದ ಹೇಳಬಾರದಲ್ಲ. ಒಂದು ಕಣ್ಣು ಮುಚ್ಚಿ ಒಮ್ಮೆ, ಇನ್ನೊಂದು ಕಣ್ಣು ಮುಚ್ಚಿ ಒಮ್ಮೆ, ಒಬ್ಬೊಬ್ಬರಾಗಿ ಓದಿ. ನಾನು ಕೆಂಪು ಶಾಯಿಯ ಪೆನ್ನು ಹಿಡಿದು ಅಲ್ಲೇ ಇರುತ್ತೇನೆ, ಓದಿ ಮುಗಿಸಿದವರು ಕಾರ್ಡನ್ನು ನನ್ನ ಕೈಗೆ ಕೊಡಿ.